ಒಟಿಪಿ ನಿಜವಾದ ಬ್ಯಾಂಕಿನಿಂದಲೇ ಬಂದಿದೆ, ಆದರೂ ಫೋನ್ ಮಾಡಿದವನು ಕಳ್ಳ. ಇದು ಹೇಗೆ ಸಾಧ್ಯ?

ಕಲ್ಯಾಣಪುರ ಕಡೆಯವ

ಎಲ್ಲರಿಗೂ ನಮಸ್ಕಾರ. ಗೊತ್ತಿದ್ದವರು ದಯವಿಟ್ಟು ಬಿಡಿಸಿ ಹೇಳಿ.

ನಮ್ಮ ದೊಡ್ಡಮ್ಮನಿಗೆ ನಿನ್ನೆ ಬೆಳಿಗ್ಗೆ ಒಂದು ಫೋನ್ ಬಂತು. ಚೆನ್ನಾಗಿ ಕನ್ನಡ ಮಾತಾಡುವ ಹುಡುಗ. ಘಟ್ಟದ ಮೇಲಿನ ಧಾಟಿ. "ಅಮ್ಮ, ಬ್ಯಾಂಕಿನ ಕಾರ್ಡ್ ವಿಭಾಗದಿಂದ ಮಾತಾಡ್ತಿದ್ದೇನೆ. ನಿಮ್ಮ ಕಾರ್ಡಿನಿಂದ ಯಾರೋ 24,999 ರೂಪಾಯಿ ತೆಗೆಯಲು ನೋಡ್ತಾ ಇದ್ದಾರೆ, ನಾವು ತಡೆದು ಇಟ್ಟಿದ್ದೇವೆ" ಎಂದನಂತೆ. ಕಾರ್ಡಿನ ಮೊದಲ ನಾಲ್ಕು ಅಂಕಿ ಅವನೇ ಹೇಳಿದ. ಸರಿಯಾಗಿತ್ತು. ಉಳಿದದ್ದನ್ನು ದೊಡ್ಡಮ್ಮ ಓದಿ ಹೇಳಿದರು. "ಕಾರ್ಡ್ ನಿಮ್ಮ ಕೈಯಲ್ಲೇ ಉಂಟಾ ನೋಡ್ಬೇಕು, ಹಿಂದೆ ಇರುವ ಮೂರು ಅಂಕಿ ಹೇಳಿ" ಎಂದ. ಅದನ್ನೂ ಹೇಳಿದರು. "ಈಗ ನಿಮಗೊಂದು ಮೆಸೇಜ್ ಬರ್ತದೆ, ಅದರಲ್ಲಿ 24,999 ಅಂತಲೇ ಇರ್ತದೆ, ಅದು ಕ್ಯಾನ್ಸಲ್ ಮಾಡುವ ಕೋಡ್" ಎಂದ. ಹೇಳಿದ ಹಾಗೇ ಬಂತು. ಕೋಡ್ ಕೊಟ್ಟರು, ಹಣ ಹೋಯಿತು. "ಮೊದಲನೆಯದು ಸರಿ ಆಗಲಿಲ್ಲ" ಅಂತ ಎರಡನೇ ಕೋಡ್ ಕೇಳುವಾಗ ನನ್ನ ತಂಗಿ ಬಂದು ಫೋನ್ ಕಟ್ ಮಾಡಿದಳು.

ನನ್ನ ಪ್ರಶ್ನೆ ಇಷ್ಟೇ. ಆ ಮೆಸೇಜ್ ನಕಲಿ ಅಲ್ಲ. ಬ್ಯಾಂಕಿನ ಹಳೆ ಮೆಸೇಜುಗಳೆಲ್ಲ ಇರುವ ಜಾಗದಲ್ಲೇ, ಅದೇ ಹೆಸರಿನಲ್ಲೇ ಬಂದಿದೆ. ಬ್ಯಾಂಕ್ ಅವನಿಗೋಸ್ಕರ ಯಾಕೆ ಮೆಸೇಜ್ ಕಳಿಸಿತು? ಒಳಗಿನವರ ಕೈವಾಡ ಇದೆಯಾ?

ಮಲ್ಪೆ ಬಂದರು

ಒಳಗಿನವರೇ ಮಾರಾಯ್ರೆ. ಇಲ್ಲಾಂದ್ರೆ ಕಾರ್ಡ್ ನಂಬರ್ ಅವನಿಗೆ ಹೇಗೆ ಗೊತ್ತು?

ಕಾಪು ಲೈಟ್‌ಹೌಸ್

ಮೊದಲು ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿದ್ದೀರಾ? ಚರ್ಚೆ ಆಮೇಲೆ ಮಾಡುವ.

ಕಲ್ಯಾಣಪುರ ಕಡೆಯವ

ಮಾಡಿದ್ದೇವೆ. ಅರ್ಧ ಗಂಟೆಯ ಒಳಗೇ ಮಾಡಿದೆವು. ಬ್ಯಾಂಕಿಗೂ ಫೋನ್ ಮಾಡಿ ಕಾರ್ಡ್ ಬ್ಲಾಕ್ ಮಾಡಿಸಿದೆವು.

ಬಲ್ಮಠ ಗೇಟ್‌ವೇ

ನಾನು ಮಂಗಳೂರಿನಲ್ಲಿ ಪೇಮೆಂಟ್ ಸಾಫ್ಟ್‌ವೇರ್ ಕೆಲಸದಲ್ಲಿದ್ದೇನೆ. ದಿನವಿಡೀ ಇದೇ ವಿಷಯ ನನಗೆ. ಸ್ವಲ್ಪ ಉದ್ದ ಬರೆಯುತ್ತೇನೆ.

ಬ್ಯಾಂಕ್ ಅವನಿಗೋಸ್ಕರ ಮೆಸೇಜ್ ಕಳಿಸಲಿಲ್ಲ. ದೊಡ್ಡಮ್ಮನ ಕಾರ್ಡಿನಲ್ಲಿ ಯಾರೋ ಖರೀದಿ ಮಾಡುತ್ತಿದ್ದಾರೆ ಎಂದು ತಿಳಿದು ಕಳಿಸಿತು. ಖರೀದಿ ಮಾಡುತ್ತಿದ್ದವನು ಅವನೇ. ಫೋನಿನಲ್ಲಿ ಮಾತಾಡುತ್ತಾ ಎದುರಿಗೆ ಒಂದು ಆನ್‌ಲೈನ್ ಅಂಗಡಿ ತೆರೆದು ಇಟ್ಟುಕೊಂಡಿದ್ದಾನೆ. ದೊಡ್ಡಮ್ಮ ಓದಿದ ನಂಬರ್, ಕಾರ್ಡಿನ ಅವಧಿ, ಹಿಂದಿನ ಮೂರು ಅಂಕಿ, ಎಲ್ಲ ಅಲ್ಲಿ ತುಂಬಿದ್ದಾನೆ. "ಈಗ ಮೆಸೇಜ್ ಬರ್ತದೆ" ಎಂದ ಕ್ಷಣದಲ್ಲೇ ಹಣ ಕೊಡುವ ಬಟನ್ ಒತ್ತಿದ್ದಾನೆ. 24,999 ಎಂದು ಮೊದಲೇ ಹೇಗೆ ಹೇಳಿದ ಅಂದ್ರೆ, ಆ ಮೊತ್ತ ಆರಿಸಿದವನು ಅವನೇ.

ಬಟನ್ ಒತ್ತಿದ ಮೇಲೆ ಏನಾಗುತ್ತದೆ ನೋಡಿ. ಅಂಗಡಿಯ ಪರವಾಗಿ ಹಣ ವಸೂಲಿ ಮಾಡುವ ಪೇಮೆಂಟ್ ಗೇಟ್‌ವೇ ಕಾರ್ಡಿನ ವಿವರವನ್ನು ವೀಸಾ, ಮಾಸ್ಟರ್‌ಕಾರ್ಡ್ ಅಥವಾ ರುಪೇ ಜಾಲಕ್ಕೆ ಕೊಡುತ್ತದೆ. ನಂಬರಿನ ಮೊದಲ ಅಂಕಿಗಳನ್ನು ನೋಡಿ, ಇದು ಯಾವ ಬ್ಯಾಂಕಿನ ಕಾರ್ಡ್ ಎಂದು ಜಾಲ ಹುಡುಕುತ್ತದೆ. ಪ್ರಶ್ನೆ ಆ ಬ್ಯಾಂಕಿನ ಸರ್ವರ್‌ಗೆ ಹೋಗುತ್ತದೆ. ಬ್ಯಾಂಕಿನ ಸರ್ವರ್ ಕೋಡ್ ಹುಟ್ಟಿಸಿ, ತನ್ನ ದಾಖಲೆಯಲ್ಲಿರುವ ಮೊಬೈಲಿಗೆ ಕಳಿಸುತ್ತದೆ. ಆ ಕೋಡನ್ನು ಟೈಪ್ ಮಾಡುವ ಪುಟ ಸಾಮಾನ್ಯವಾಗಿ ಅಂಗಡಿಯದ್ದಲ್ಲ, ಬ್ಯಾಂಕಿನದ್ದು ಅಥವಾ ಬ್ಯಾಂಕಿಗಾಗಿ ಆ ಕೆಲಸ ನಡೆಸುವವರದ್ದು. ಅಲ್ಲಿ ಕೋಡ್ ಸರಿಹೊಂದಿದರೆ "ಕಾರ್ಡಿನ ಯಜಮಾನರೇ ಒಪ್ಪಿದ್ದಾರೆ" ಎಂಬ ರುಜುವಾತು ಅಂಗಡಿಗೆ ಹೋಗುತ್ತದೆ. ಆಮೇಲೆ ಹಣ ಕಡಿತ.

ಆದ್ದರಿಂದ ಆ ಆರು ಅಂಕಿ ಅಂದ್ರೆ ಮೊತ್ತ ಮತ್ತು ಅಂಗಡಿಯ ಹೆಸರು ಬರೆದ ಚೆಕ್ಕಿಗೆ ಹಾಕುವ ಸಹಿ. ಒಂದೇ ವ್ಯವಹಾರಕ್ಕೆ ಸಲ್ಲುತ್ತದೆ, ಕೆಲವೇ ನಿಮಿಷ ಬಾಳುತ್ತದೆ. ಅದಕ್ಕೇ ಅವನು ಫೋನ್ ಇಡಲು ಬಿಡುವುದಿಲ್ಲ. "ಲೈನಲ್ಲೇ ಇರಿ ಅಮ್ಮ" ಎನ್ನುತ್ತಾ ಇರುತ್ತಾನೆ.

ನಿವೃತ್ತ ಕ್ಯಾಶಿಯರ್

ಸರಿಯಾಗಿ ಹೇಳಿದ್ದೀರಿ. ಒಂದು ಮಾತು ಸೇರಿಸುತ್ತೇನೆ. ಕಾರ್ಡ್ ಬ್ಲಾಕ್ ಮಾಡಲು ಬ್ಯಾಂಕಿನವರಿಗೆ ಗಿರಾಕಿಯ ಕೋಡ್ ಬೇಕಾಗಿಲ್ಲ. ನಮ್ಮ ಕೌಂಟರಿನಲ್ಲೇ ಮಾಡಬಹುದಿತ್ತು. ಅನುಮಾನ ಬಂದ ವ್ಯವಹಾರವನ್ನು ಬ್ಯಾಂಕೇ ನಿಲ್ಲಿಸುತ್ತದೆ. ನಿಲ್ಲಿಸಲಿಕ್ಕೆ ಕೋಡ್ ಇಲ್ಲ, ವಾಪಸ್ ಹಾಕಲಿಕ್ಕೂ ಕೋಡ್ ಇಲ್ಲ. ಖರೀದಿಯನ್ನು ಕ್ಯಾನ್ಸಲ್ ಮಾಡಬೇಕಿದ್ದರೆ ಬಂದ ಕೋಡನ್ನು ಯಾರಿಗೂ ಕೊಡದೆ ಸುಮ್ನೆ ಕೂತರೆ ಸಾಕು, ತಾನಾಗಿಯೇ ಬಿದ್ದುಹೋಗುತ್ತದೆ.

ಕೊಕ್ಕಡ ತೋಟ

ನಮ್ಮಲ್ಲಿ ಗ್ಯಾಸ್ ಸಿಲಿಂಡರ್ ತರುವವನು ಪ್ರತಿ ಸಲ ಕೋಡ್ ಕೇಳುತ್ತಾನೆ. ಅವನೂ ಕಳ್ಳನಾ? ಕೊಡದಿದ್ದರೆ ಸಿಲಿಂಡರ್ ಇಳಿಸುವುದಿಲ್ಲ.

ಬಲ್ಮಠ ಗೇಟ್‌ವೇ

ಅಲ್ಲ ಅಲ್ಲ. ಅದು ಬೇರೆ. ಗ್ಯಾಸ್ ಕಂಪೆನಿ ಕಳಿಸುವ ಕೋಡ್ ಸಿಲಿಂಡರ್ ಮುಟ್ಟಿದೆ ಅನ್ನುವುದಕ್ಕೆ, ಹಣಕ್ಕೆ ಸಂಬಂಧ ಇಲ್ಲ. ಸಿಲಿಂಡರ್ ಎದುರಿಗೆ ಬಂದ ಮೇಲೆ ಕೊಡಿ. ಆದರೆ ನೀವು ಕೇಳಿದ್ದು ಒಳ್ಳೆಯದಾಯಿತು. ಕೋಡ್ ಎಂದರೆ ಎಲ್ಲ ಒಂದೇ ಅಲ್ಲ. ಯಾವುದಕ್ಕೆ ಎಂದು ಮೆಸೇಜಿನಲ್ಲೇ ಬರೆದಿರುತ್ತದೆ. ಅದನ್ನು ಓದದೆ ಅಂಕಿ ಮಾತ್ರ ಓದುವುದರಿಂದಲೇ ತೊಂದರೆ. ದೊಡ್ಡಮ್ಮನಿಗೆ ಬಂದದ್ದು ಹೆಚ್ಚುಕಡಿಮೆ ಹೀಗಿರುತ್ತದೆ:

```
482913 is OTP for txn of INR 24,999.00
at XXXXXGIFT on card ending XX16.
Do not share with anyone.
```

ಇಲ್ಲಿ ಕ್ಯಾನ್ಸಲ್ ಅನ್ನುವ ಶಬ್ದವೇ ಇಲ್ಲ. ಮೊತ್ತ ಉಂಟು, ಅಂಗಡಿ ಉಂಟು.

ಕಲ್ಯಾಣಪುರ ಕಡೆಯವ

ಹೌದು ಸರ್, ಹೆಚ್ಚುಕಡಿಮೆ ಹೀಗೇ ಇದೆ. ಯಾವುದೋ ಗಿಫ್ಟ್ ಕಾರ್ಡ್ ಮಾರುವ ಸೈಟ್. ಆದರೆ ದೊಡ್ಡಮ್ಮನಿಗೆ ಇಂಗ್ಲಿಷ್ ಮೆಸೇಜ್ ಓದಿ ಅಭ್ಯಾಸ ಇಲ್ಲ. ಅಂಕಿ ಕಂಡಿತು, ಹೇಳಿದರು.

ಮಣಿಪಾಲ ಹಾಸ್ಟೆಲ್

ಗಿಫ್ಟ್ ಕಾರ್ಡ್ ಯಾಕೆ ತಗೊಳ್ತಾರೆ? ಮೊಬೈಲ್ ತಗೊಳ್ಬಹುದಲ್ಲ.

ಬಲ್ಮಠ ಗೇಟ್‌ವೇ

ಮೊಬೈಲ್ ತಲುಪಲು ವಿಳಾಸ ಬೇಕು, ಎರಡು ಮೂರು ದಿನ ಬೇಕು. ಅಷ್ಟರಲ್ಲಿ ಆರ್ಡರ್ ನಿಲ್ಲಿಸಬಹುದು. ಗಿಫ್ಟ್ ಕಾರ್ಡ್ ಅಂದ್ರೆ ಒಂದು ನಂಬರ್, ಈಮೇಲಿಗೆ ತಕ್ಷಣ ಬರುತ್ತದೆ. ಇನ್ನೊಬ್ಬರಿಗೆ ಮಾರಿದರೆ ಮುಗಿಯಿತು. ಅರ್ಧ ಗಂಟೆಯೊಳಗೆ 1930ಕ್ಕೆ ಹೇಳಿದ್ದರಿಂದ ಇನ್ನೂ ಬಳಸದೆ ಉಳಿದಿದ್ದರೆ ತಡೆಯುವ ಅವಕಾಶ ಇದೆ. ಅದಕ್ಕೇ ಮೊದಲ ಫೋನ್ ಅಲ್ಲಿಗೆ ಹೋಗಬೇಕು.

ಮಲ್ಪೆ ಬಂದರು

ನಾನು ಕೇಳಿದ್ದಕ್ಕೆ ಉತ್ತರ ಬರಲಿಲ್ಲ. ಮೊದಲ ನಾಲ್ಕು ಅಂಕಿ ಅವನಿಗೆ ಹೇಗೆ ಸಿಕ್ಕಿತು?

ಬಲ್ಮಠ ಗೇಟ್‌ವೇ

ನಿಮ್ಮ ಪರ್ಸಿನ ಕಾರ್ಡ್ ತೆಗೆದು, ಅದೇ ಬ್ಯಾಂಕಿನ ಅದೇ ಬಗೆಯ ಕಾರ್ಡ್ ಇರುವ ಗೆಳೆಯರ ಕಾರ್ಡಿನ ಪಕ್ಕ ಇಟ್ಟು ನೋಡಿ. ಶುರುವಿನ ಆರು ಅಂಕಿ ಒಂದೇ ಇರುವ ಸಂಭವ ಜಾಸ್ತಿ. ಅದು ನಿಮ್ಮ ಗುರುತಲ್ಲ, ಬ್ಯಾಂಕಿನ ಮತ್ತು ಕಾರ್ಡಿನ ಬಗೆಯ ಗುರುತು. ವೀಸಾ ಆದರೆ 4ರಿಂದಲೇ ಶುರು. ಮಾಸ್ಟರ್‌ಕಾರ್ಡ್ ಹೆಚ್ಚಾಗಿ 5. ರುಪೇಯಲ್ಲಿ 60, 65 ಎಲ್ಲ ಸಾಮಾನ್ಯ. ನಿಮ್ಮ ಖಾತೆ ಯಾವ ಬ್ಯಾಂಕಿನಲ್ಲಿ ಎಂದು ಊಹಿಸಿದವನಿಗೆ ಆ ನಾಲ್ಕು ಅಂಕಿ ಹೇಳುವುದು ದೊಡ್ಡ ವಿದ್ಯೆಯಲ್ಲ. ಊಹೆ ತಪ್ಪಿದರೆ ಫೋನ್ ಇಟ್ಟು ಮುಂದಿನವರಿಗೆ ಮಾಡುತ್ತಾನೆ. ನಮಗೆ ಕೇಳಿಸುವುದು ಸರಿಯಾದವು ಮಾತ್ರ.

ಕೆಲವೊಮ್ಮೆ ಹೆಸರು, ಪೂರ್ತಿ ನಂಬರ್ ಎಲ್ಲ ಎಲ್ಲಿಂದಲೋ ಸೋರಿ ಅವರ ಕೈಗೆ ಹೋಗಿರುವುದೂ ಉಂಟು. ಅದನ್ನು ನಾನು ಇಲ್ಲ ಅನ್ನುವುದಿಲ್ಲ. ಆದರೆ ಈ ಫೋನಿನಲ್ಲಿ ಅದರ ಅಗತ್ಯವೇ ಬೀಳಲಿಲ್ಲ.

ಮಲ್ಪೆ ಬಂದರು

ಸರಿ, ನೋಡಿದೆ. ನನ್ನದೂ ತಮ್ಮನದೂ ಮೊದಲ ಆರು ಒಂದೇ. ಆದರೂ ಅವನ ಬಳಿ ದೊಡ್ಡಮ್ಮನ ಹೆಸರು, ಮೊಬೈಲ್ ನಂಬರ್ ಇತ್ತಲ್ಲ. ಅದು ಯಾರೋ ಕೊಟ್ಟದ್ದೇ.

ನಿವೃತ್ತ ಕ್ಯಾಶಿಯರ್

ನಮ್ಮ ಜಿಲ್ಲೆಗಳಲ್ಲಿ ಇನ್ನೊಂದು ವಿಷಯ ಇದೆ. ಇಲ್ಲಿ ಹುಟ್ಟಿದ ಬ್ಯಾಂಕುಗಳೇ ಎಷ್ಟು ಬದಲಾದವು ನೋಡಿ. ವಿಜಯಾ ಬ್ಯಾಂಕ್ 2019ರ ಏಪ್ರಿಲ್‌ನಲ್ಲಿ ಬ್ಯಾಂಕ್ ಆಫ್ ಬರೋಡಾ ಸೇರಿತು. ಮರುವರ್ಷ ಏಪ್ರಿಲ್‌ನಲ್ಲಿ ಸಿಂಡಿಕೇಟ್ ಕೆನರಾಕ್ಕೆ, ಕಾರ್ಪೊರೇಷನ್ ಯೂನಿಯನ್ ಬ್ಯಾಂಕಿಗೆ. ಪಾಸ್‌ಬುಕ್ ಬದಲು, ಐಎಫ್‌ಎಸ್‌ಸಿ ಬದಲು, ಕಾರ್ಡ್ ಬದಲು. ಆಗ ನಿಜವಾಗಿಯೂ ಬ್ರಾಂಚಿನಿಂದ ಫೋನ್ ಹೋಗುತ್ತಿತ್ತು, "ಹೊಸ ಕಾರ್ಡ್ ಬಂದಿದೆ, ತಗೊಂಡು ಹೋಗಿ" ಎಂದು. ಹಾಗಾಗಿ ಹಿರಿಯರಿಗೆ ಕಾರ್ಡಿನ ವಿಷಯದಲ್ಲಿ ಬ್ಯಾಂಕಿನಿಂದ ಫೋನ್ ಬರುವುದು ಅಸಹಜ ಅನ್ನಿಸುವುದಿಲ್ಲ. ಅವರನ್ನು ಬೈಯಬೇಡಿ.

ಇನ್ನೊಂದು, ಗಾಬರಿ ಬೇಡ. ಮೂರು ದಿನದೊಳಗೆ ದೂರು ಕೊಟ್ಟರೆ ಪೂರ್ತಿ ಹಣ ಬ್ಯಾಂಕ್ ಕೊಡಲೇಬೇಕು ಎಂದು ರಿಸರ್ವ್ ಬ್ಯಾಂಕಿನ ನಿಯಮ ಇದೆ.

ಕಾಪು ಲೈಟ್‌ಹೌಸ್

ಕ್ಯಾಶಿಯರ್ ಸರ್, ಅದು ಅರ್ಧ ಮಾತ್ರ. 2017ರ ಜುಲೈ ಸುತ್ತೋಲೆಯಲ್ಲಿ ಮೂರು ಕೆಲಸದ ದಿನ ಎಂದಿರುವುದು ತಪ್ಪು ಬ್ಯಾಂಕಿನದ್ದೂ ಅಲ್ಲ, ಗಿರಾಕಿಯದ್ದೂ ಅಲ್ಲ, ಬೇರೆಲ್ಲೋ ಆದದ್ದು ಅನ್ನುವ ಸಂದರ್ಭಕ್ಕೆ. ಗಿರಾಕಿಯೇ ಗುಟ್ಟಿನ ವಿವರ ಹೇಳಿದ್ದರೆ, ಬ್ಯಾಂಕಿಗೆ ತಿಳಿಸುವ ತನಕ ಆದ ನಷ್ಟ ಗಿರಾಕಿಯದ್ದು. ತಿಳಿಸಿದ ಮೇಲೆ ಆಗುವ ನಷ್ಟ ಬ್ಯಾಂಕಿನದ್ದು. ನನ್ನ ಅಣ್ಣನ ವಿಷಯದಲ್ಲಿ ಇದೇ ಆಗಿತ್ತು. ಫೋನ್ ಮಾಡಿ ಹೇಳಿದ ಮೇಲೂ ಒಂದು ಕಡಿತ ಆಗಿತ್ತು. ಆ ಒಂದು ವಾಪಸ್ ಬಂತು, ಮೊದಲಿನದ್ದು ಬರಲಿಲ್ಲ. ದೂರು ಕೊಟ್ಟ ಸಮಯಕ್ಕೆ ಬೆಲೆ ಇರುವುದು ಅಲ್ಲಿ. ದೂರಿನ ನಂಬರ್ ಬರೆದು ಇಟ್ಟುಕೊಳ್ಳಿ.

ನಿವೃತ್ತ ಕ್ಯಾಶಿಯರ್

ಅದು ಒಪ್ಪುತ್ತೇನೆ. ಆದರೆ ನಿರ್ಲಕ್ಷ್ಯ ಎಂದು ಸಾಬೀತು ಮಾಡುವ ಹೊಣೆ ಬ್ಯಾಂಕಿನ ಮೇಲೆ ಇದೆ. ಅದೂ ಅದೇ ಸುತ್ತೋಲೆಯಲ್ಲಿ ಉಂಟು. ಸುಮ್ನೆ "ನೀವೇ ಹೇಳಿದ್ದೀರಿ" ಎಂದು ವಾಪಸ್ ಕಳಿಸಿದರೆ ಒಪ್ಪಬೇಡಿ. ಲಿಖಿತವಾಗಿ ಕೇಳಿ. 30 ದಿನ ಉತ್ತರ ಬಾರದಿದ್ದರೆ ಅಥವಾ ಬಂದದ್ದು ಸರಿ ಇಲ್ಲದಿದ್ದರೆ ಬ್ಯಾಂಕುಗಳ ಮೇಲಿನ ದೂರು ಕೇಳುವ ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್‌ಗೆ ಹೋಗಿ.

ಕಾಪು ಲೈಟ್‌ಹೌಸ್

ಹೋಗಬಹುದು. ಕೋಡ್ ತಾನಾಗಿ ಹೇಳಿದ ಕೇಸಿನಲ್ಲಿ ಎಷ್ಟು ಫಲ ಸಿಗುತ್ತದೆ ಅನ್ನುವುದರಲ್ಲಿ ನಮ್ಮಿಬ್ಬರ ಅಭಿಪ್ರಾಯ ಬೇರೆ ಬೇರೆ ಇರಲಿ.

ಹಂಪನಕಟ್ಟೆ ಮೊಬೈಲ್

ಎಷ್ಟೆಲ್ಲ ಯಾಕೆ ಚರ್ಚೆ? ಕೋಡ್ ಕೊಡದಿದ್ದರೆ ಕಾರ್ಡಿನಿಂದ ಒಂದು ರೂಪಾಯಿ ಹೋಗುವುದಿಲ್ಲ. ಅಷ್ಟು ನೆನಪಿಟ್ಟರೆ ಸಾಕು. ನನ್ನ ಅಂಗಡಿಗೆ ಬರುವವರಿಗೆಲ್ಲ ಇದನ್ನೇ ಹೇಳುತ್ತೇನೆ.

ಬಲ್ಮಠ ಗೇಟ್‌ವೇ

ಹಾಗೆ ಹೇಳಬೇಡಿ ದಯವಿಟ್ಟು. ಭಾರತದ ಸೈಟುಗಳಲ್ಲಿ ಆನ್‌ಲೈನ್ ಕಾರ್ಡ್ ಖರೀದಿಗೆ ಈ ಎರಡನೇ ಪರೀಕ್ಷೆ 2009ರ ಆಗಸ್ಟ್‌ನಿಂದ ಕಡ್ಡಾಯ. ಹೊರದೇಶದ ಸೈಟುಗಳಿಗೆ ಆ ನಿಯಮ ಮುಟ್ಟುತ್ತಿರಲಿಲ್ಲ. ನಂಬರ್, ಅವಧಿ, ಸಿವಿವಿ ಅನ್ನುವ ಹಿಂದಿನ ಮೂರು ಅಂಕಿ ಇದ್ದರೆ ಸಾಕು ಎನ್ನುವ ಹೊರಗಿನ ಅಂಗಡಿಗಳು ಬೇಕಾದಷ್ಟು ಇವೆ. ದೊಡ್ಡಮ್ಮ ಆ ಮೂರನ್ನೂ ಫೋನಿನಲ್ಲಿ ಹೇಳಿದ್ದಾರೆ. ಹಾಗಾಗಿ ಆ ಕಾರ್ಡನ್ನು ಬ್ಲಾಕ್ ಮಾಡಿದ್ದು ಸರಿ. ಅದನ್ನೇ ಮತ್ತೆ ತೆರೆಸಬೇಡಿ, ಹೊಸ ನಂಬರಿನ ಕಾರ್ಡ್ ತೆಗೆದುಕೊಳ್ಳಿ.

ಹಾಗೆಯೇ ತಿಂಗಳು ತಿಂಗಳು ಕಟ್ ಆಗುವ ಚಂದಾ ಇದ್ದರೆ, ಮೊದಲ ಸಲ ಕೋಡ್ ಕೇಳಿ ಆಮೇಲೆ 15,000 ರೂಪಾಯಿ ತನಕ ಕೇಳದೆ ಕಡಿತ ಮಾಡಬಹುದು. ಒಂದು ಕೋಡ್ ಹೇಳಿದರೆ ಒಂದೇ ಸಲ ಹೋಗುತ್ತದೆ ಅನ್ನುವುದಕ್ಕೆ ಅದು ಹೊರತು.

ಹಂಪನಕಟ್ಟೆ ಮೊಬೈಲ್

ಹೊರದೇಶದ ವಿಷಯ ಗೊತ್ತಿರಲಿಲ್ಲ. ಆದರೆ ಕಾರ್ಡಿನಲ್ಲಿ ಹೊರದೇಶದ ಖರೀದಿಯ ಸ್ವಿಚ್ ಎಲ್ಲರಿಗೂ ಆಫ್ ಇರ್ತದಲ್ಲ?

ಬಲ್ಮಠ ಗೇಟ್‌ವೇ

2020ರ ಅಕ್ಟೋಬರ್ 1ರ ನಂತರ ಕೊಟ್ಟ ಕಾರ್ಡ್‌ಗಳು ಬರುವಾಗ ದೇಶದೊಳಗಿನ ಎಟಿಎಂಗೆ, ಅಂಗಡಿಯ ಯಂತ್ರಕ್ಕೆ ಮಾತ್ರ ತೆರೆದಿರಬೇಕು. ಆನ್‌ಲೈನ್, ಹೊರದೇಶ, ತಾಗಿಸಿ ಕೊಡುವುದು, ಇವೆಲ್ಲ ನಾವು ಕೇಳಿದ ಮೇಲೆ. ಯಾರೋ ಮಗ ಒಮ್ಮೆ ಆನ್ ಮಾಡಿ ಹೋಗಿದ್ದರೆ ಆನ್ ಆಗಿಯೇ ಇರುತ್ತದೆ. ಬ್ಯಾಂಕಿನ ಆ್ಯಪ್‌ನಲ್ಲಿ ಕಾರ್ಡ್ ವಿಭಾಗದಲ್ಲಿ ನೋಡಬಹುದು. ಆನ್‌ಲೈನ್ ಖರೀದಿಯೇ ಮಾಡದ ದೊಡ್ಡಮ್ಮನಂಥವರಿಗೆ ಆನ್‌ಲೈನ್ ಆಫ್ ಇದ್ದಿದ್ದರೆ ನಿನ್ನೆ ಆ ಹಣ ಹೋಗುತ್ತಿರಲಿಲ್ಲ.

ದುಬೈ ಟು ಕಾರ್ಕಳ

ಮಗ ಆನ್ ಮಾಡಿ ಹೋದದ್ದು ಎಂದಿರಲ್ಲ, ನಮ್ಮಲ್ಲಿ ಅದೇ. ನಾನು ದುಬೈಯಲ್ಲಿ, ಅಮ್ಮ ಕಾರ್ಕಳದಲ್ಲಿ. ಕರೆಂಟ್ ಬಿಲ್, ಅಮ್ಮನ ಬಸ್ ಟಿಕೆಟ್, ಔಷಧ ಎಲ್ಲ ನಾನೇ ಅಮ್ಮನ ಕಾರ್ಡಿನಲ್ಲಿ ಮಾಡುತ್ತೇನೆ. ಕೋಡ್ ಅಮ್ಮನ ಮೊಬೈಲಿಗೆ ಹೋಗುತ್ತದೆ. ವಾಟ್ಸ್ಯಾಪ್ ಕಾಲ್ ಮಾಡಿ "ಅಮ್ಮ, ಮೆಸೇಜ್ ಬಂತಾ? ನಂಬರ್ ಹೇಳಿ" ಎನ್ನುತ್ತೇನೆ. ವರ್ಷಗಳಿಂದ ಹೀಗೇ ನಡೆದಿದೆ. ಈ ಚರ್ಚೆ ಓದುವಾಗ ಭಯ ಆಯಿತು.

ಬಲ್ಮಠ ಗೇಟ್‌ವೇ

ಇಡೀ ಚರ್ಚೆಯಲ್ಲಿ ನನಗೆ ಅತಿ ಮುಖ್ಯ ಅನ್ನಿಸಿದ್ದು ಇದು. ಗಲ್ಫ್‌ನಲ್ಲಿ ಮಕ್ಕಳಿರುವ ಮನೆ ಈ ಕರಾವಳಿಯಲ್ಲಿ ಎಷ್ಟಿಲ್ಲ! ಅಲ್ಲಿನ ಅಪ್ಪ ಅಮ್ಮಂದಿರಿಗೆ ಫೋನಿನಲ್ಲಿ ಕೋಡ್ ಓದಿ ಹೇಳುವುದು ದಿನನಿತ್ಯದ ಕೆಲಸ. ಅದನ್ನು ಕಲಿಸಿದವರು ನಾವೇ. ಕಳ್ಳ ಬಂದು ಅದೇ ವಾಕ್ಯ ಹೇಳುತ್ತಾನೆ. "ಮೆಸೇಜ್ ಬಂತಾ? ನಂಬರ್ ಹೇಳಿ." ಅಮ್ಮನ ಕಿವಿಗೆ ಅದರಲ್ಲಿ ಹೊಸತೇನೂ ಇಲ್ಲ.

ಬೇರೆ ದಾರಿ ಉಂಟು. ನಿಮ್ಮ ಹೆಸರಿನ ಖಾತೆಯಿಂದಲೇ ಬಿಲ್ ಕಟ್ಟಿ, ಬೇಕಿದ್ದರೆ ಅಮ್ಮನ ಖಾತೆಯಿಂದ ನಿಮ್ಮದಕ್ಕೆ ಹಣ ಹಾಕಿಸಿಕೊಳ್ಳಿ. ಅಮ್ಮನ ಕಾರ್ಡಿನಲ್ಲಿ ಆನ್‌ಲೈನ್ ಆಫ್ ಮಾಡಿ.

ಮಣಿಪಾಲ ಹಾಸ್ಟೆಲ್

ಅಮ್ಮನ ಖಾತೆಗೆ ಮಗನ ಮೊಬೈಲ್ ನಂಬರ್ ಕೊಟ್ಟರೆ ಆಗಲ್ವಾ? ಕೋಡ್ ಅಮ್ಮನಿಗೆ ಬರುವುದೇ ಇಲ್ಲ.

ಕಾಪು ಲೈಟ್‌ಹೌಸ್

ಬೇಡ. ಅಮ್ಮನ ಖಾತೆಯಿಂದ ಹಣ ಹೋದರೆ ಅಮ್ಮನಿಗೇ ಗೊತ್ತಾಗುವುದಿಲ್ಲ. ಎಟಿಎಂನಲ್ಲಿ ಹಣ ತೆಗೆದ ಮೆಸೇಜೂ ಮಗನಿಗೆ ಹೋಗುತ್ತದೆ. ಅವನು ಡ್ಯೂಟಿಯಲ್ಲಿ ಇದ್ದರೆ ಸಂಜೆ ನೋಡುತ್ತಾನೆ.

ದುಬೈ ಟು ಕಾರ್ಕಳ

ನಾನು ಅದನ್ನೇ ಮಾಡುವ ಎಂದಿದ್ದೆ. ನನ್ನ ಊರಿನ ಸಿಮ್ ಇಲ್ಲಿ ರೋಮಿಂಗ್‌ನಲ್ಲಿದೆ, ಮೆಸೇಜ್ ಬರುತ್ತದೆ. ಅಮ್ಮನಿಗೆ ಫೋನ್ ಮಾಡುವ ಕಳ್ಳನಿಗೆ ಏನೂ ಸಿಗುವುದಿಲ್ಲವಲ್ಲ.

ನಿವೃತ್ತ ಕ್ಯಾಶಿಯರ್

ಖಾತೆದಾರರ ನಂಬರೇ ಇರಬೇಕು ಎಂಬುದು ನನ್ನ ಅಭಿಪ್ರಾಯ. ಆದರೆ ನಿಮ್ಮ ಅಮ್ಮ ಮೆಸೇಜ್ ಓದುವುದೇ ಇಲ್ಲ ಎಂದಾದರೆ ನಿಮ್ಮ ಮಾತಿನಲ್ಲೂ ಹುರುಳಿದೆ. ನಮ್ಮ ಮನೆಯಲ್ಲೂ ಈ ಜಗಳ ಮುಗಿದಿಲ್ಲ.

ಹಂಪನಕಟ್ಟೆ ಮೊಬೈಲ್

ನಂಬರ್ ನೋಡಿ ಗುರುತಿಸಬಹುದಾ? ಬ್ಯಾಂಕಿನ ಫೋನ್ 1600ರಿಂದ ಬರುತ್ತದೆ ಎಂದು ಕೇಳಿದೆ. ಫೋನಿನಲ್ಲಿ ಹೆಸರು ತೋರಿಸುವ ಆ್ಯಪ್ ಹಾಕಿಕೊಡಿ ಎಂದು ಅಂಗಡಿಗೆ ಬಹಳ ಜನ ಬರುತ್ತಾರೆ.

ಬಲ್ಮಠ ಗೇಟ್‌ವೇ

ಬ್ಯಾಂಕುಗಳು ಸೇವೆಗೆ ಸಂಬಂಧಿಸಿದ ಕರೆಗಳನ್ನು 1600 ಸರಣಿಯಿಂದ, ಪ್ರಚಾರದ ಕರೆಗಳನ್ನು 140 ಸರಣಿಯಿಂದ ಮಾಡಬೇಕು ಎಂದು ರಿಸರ್ವ್ ಬ್ಯಾಂಕ್ 2025ರ ಜನವರಿಯಲ್ಲಿ ಹೇಳಿದೆ. ಮಾಮೂಲಿ ಹತ್ತು ಅಂಕಿಯ ಮೊಬೈಲಿನಿಂದ "ಕಾರ್ಡ್ ವಿಭಾಗ" ಮಾತಾಡಿದರೆ ಅಷ್ಟಕ್ಕೇ ಅನುಮಾನ ಪಡಿ. ಆದರೆ 1600 ಕಂಡಿತು ಎಂದು ಕೋಡ್ ಹೇಳಬೇಡಿ. ನಿಜವಾದ ಬ್ಯಾಂಕಿನವರಿಗೂ ಅದು ಬೇಡ. ಹೆಸರು ತೋರಿಸುವ ಆ್ಯಪ್‌ನಲ್ಲಿ "ಬ್ಯಾಂಕ್ ಮ್ಯಾನೇಜರ್" ಎಂದು ಬಂದರೂ ಅದು ಜನರೇ ಬರೆದ ಹೆಸರು, ಬ್ಯಾಂಕ್ ಕೊಟ್ಟದ್ದಲ್ಲ.

ನಂಬರಿಗಿಂತ ಸಮಯ ನೋಡಿ. ನೀವು ಏನೂ ಖರೀದಿ ಮಾಡದೆ, ಅಪರಿಚಿತರು ಲೈನಿನಲ್ಲಿ ಇರುವಾಗಲೇ ಕೋಡ್ ಬಂತು ಅಂದ್ರೆ ಆ ಕೋಡ್ ಹುಟ್ಟಲು ಕಾರಣ ಲೈನಿನಲ್ಲಿರುವವನೇ. ಬೇರೆ ವಿವರಣೆ ಬಹಳ ಅಪರೂಪ. ಕಟ್ ಮಾಡಿ, ಕಾರ್ಡಿನ ಹಿಂದೆ ಅಚ್ಚಾದ ನಂಬರಿಗೆ ನೀವೇ ಫೋನ್ ಮಾಡಿ.

ಕೊಕ್ಕಡ ತೋಟ

ನನ್ನ ಭಾವನಿಗೆ ಬಂದ ಮೆಸೇಜಿನಲ್ಲಿ ಮೊತ್ತವೇ ಇರಲಿಲ್ಲವಂತೆ. ಹಾಗಾಗಿ ಹಣ ಹೋಗುವುದಿಲ್ಲ ಎಂದುಕೊಂಡು ಹೇಳಿದರು.

ಬಲ್ಮಠ ಗೇಟ್‌ವೇ

ಅದು ಇನ್ನೂ ಅಪಾಯ. ಮೊತ್ತ ಇಲ್ಲದ ಕೋಡ್ ಅಂದ್ರೆ ಒಂದು ಖರೀದಿಗೆ ಅಲ್ಲ. ಕಾರ್ಡಿನ ಪಿನ್ ಬದಲಿಸಲು, ನೆಟ್‌ಬ್ಯಾಂಕಿಂಗ್ ಪಾಸ್‌ವರ್ಡ್ ಹೊಸದು ಮಾಡಲು, ಇನ್ನೊಂದು ಫೋನಿನಲ್ಲಿ ನಿಮ್ಮ ಕಾರ್ಡ್ ಸೇರಿಸಲು ಬರುವವು ಅವು. ಖರೀದಿಯ ಕೋಡಿನಲ್ಲಿ ಹೋಗುವುದು ಅಲ್ಲಿ ಬರೆದ ಮೊತ್ತ. ಇದರಲ್ಲಿ ಬೀಗದ ಕೈಯೇ ಹೋಗುತ್ತದೆ. ಭಾವ ತಕ್ಷಣ ಕಾರ್ಡ್, ನೆಟ್‌ಬ್ಯಾಂಕಿಂಗ್ ಎರಡನ್ನೂ ಬ್ಲಾಕ್ ಮಾಡಿಸಿದ್ದಾರಾ?

ಕೊಕ್ಕಡ ತೋಟ

ಕಾರ್ಡ್ ಮಾತ್ರ ಮಾಡಿಸಿದ್ದಾರೆ. ಈಗಲೇ ಫೋನ್ ಮಾಡಿ ಹೇಳುತ್ತೇನೆ.

ಕಲ್ಯಾಣಪುರ ಕಡೆಯವ

ಇವತ್ತಿನ ಸುದ್ದಿ. cybercrime.gov.in ದೂರಿನ ಪ್ರತಿ ತೆಗೆದುಕೊಂಡು ಬ್ರಾಂಚಿಗೆ ಹೋಗಿದ್ದೆವು. ಲಿಖಿತ ಅರ್ಜಿ ಕೊಟ್ಟು ಸೀಲ್ ಹಾಕಿಸಿಕೊಂಡೆವು. ಎರಡನೇ ಕೋಡ್ 19,500ಕ್ಕೆ ಬಂದದ್ದು, ಅದು ಹೋಗಿಲ್ಲ. ಮೊದಲಿನದ್ದರಲ್ಲಿ ಗಿಫ್ಟ್ ಕಾರ್ಡಿನ ಸ್ವಲ್ಪ ಭಾಗ ಇನ್ನೂ ಬಳಸದೆ ಇದೆ, ತಡೆ ಹಿಡಿದಿದ್ದಾರೆ ಎಂದರು. ಎಷ್ಟು ಎಂದು ಹೇಳಲಿಲ್ಲ. ಹೊಸ ಕಾರ್ಡಿಗೆ ಅರ್ಜಿ ಕೊಟ್ಟಾಯಿತು, ಆನ್‌ಲೈನ್ ಆನ್ ಮಾಡಿಸುವುದಿಲ್ಲ.

ದೊಡ್ಡಮ್ಮನ ಮಗ ಬಹರೈನ್‌ನಲ್ಲಿದ್ದಾನೆ. ಅವನೂ ಇದೇ ರೀತಿ ಕೋಡ್ ಕೇಳುತ್ತಿದ್ದ ಎಂದು ಇವತ್ತು ಗೊತ್ತಾಯಿತು. ಅವನಿಗೆ ಈ ಚರ್ಚೆ ಕಳಿಸಿದ್ದೇನೆ.

ದುಬೈ ಟು ಕಾರ್ಕಳ

ನಾನು ಅಮ್ಮನ ಕಾರ್ಡಿನ ಆನ್‌ಲೈನ್ ಆಫ್ ಮಾಡಿದೆ. ಬಿಲ್‌ಗಳನ್ನು ಊರಿನ ಬ್ಯಾಂಕಿನಲ್ಲಿರುವ ನನ್ನ ಎನ್‌ಆರ್‌ಒ ಖಾತೆಗೆ ಬದಲಿಸಿದೆ. ಔಷಧದ ಅಂಗಡಿಯವರು ಮನೆ ಬಾಗಿಲಲ್ಲಿ ಹಣ ತೆಗೆದುಕೊಳ್ಳುತ್ತಾರಂತೆ. ಟಿಕೆಟಿನ ಸೈಟಿನಲ್ಲಿ ಮಾತ್ರ ಅಮ್ಮನ ಕಾರ್ಡ್ ಸೇವ್ ಆಗಿದೆ ಎಂದು ತೋರಿಸುತ್ತಿದೆ. ಅಲ್ಲಿ ನಂಬರ್ ಉಳಿದಿರುತ್ತದಾ?

ಬಲ್ಮಠ ಗೇಟ್‌ವೇ

ಭಾರತದ ಸೈಟ್ ಆದರೆ 2022ರ ಅಕ್ಟೋಬರ್‌ನಿಂದ ನಿಜವಾದ ನಂಬರ್ ಇಟ್ಟುಕೊಳ್ಳುವ ಹಾಗಿಲ್ಲ, ಅದರ ಬದಲಿಗೆ ಆ ಸೈಟಿಗೆ ಮಾತ್ರ ನಡೆಯುವ ಟೋಕನ್ ಇರುತ್ತದೆ. ಬೇಡವಾದರೆ ಅಲ್ಲೇ ಡಿಲೀಟ್ ಮಾಡಿ, ಅದಕ್ಕೂ ಅಮ್ಮನ ಕೋಡ್ ಬೇಕಾಗುವುದಿಲ್ಲ.